ಪಲ್ಲವಿ ಎಷ್ಟು ಸೆಕೆಂಡಿಗೆ ಬರಬೇಕು? ಹಾಡಿನ ವಿಡಿಯೋದ ಗೆರೆ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಅಂಕೋಲಾ, ಕಾರವಾರದ ಕಡೆ ಸ್ವಂತ ಖರ್ಚಿನಲ್ಲಿ ಹಾಡು ಮಾಡಿ ಯೂಟ್ಯೂಬಿಗೆ ಹಾಕುವವರು ಈಗ ಬೇಕಾದಷ್ಟಿದ್ದಾರೆ. ನಾನು ಅಂಥವರ ವಿಡಿಯೋ ಎಡಿಟ್ ಮಾಡುವವನು. ಹಾಡು ಹಾಕಿದ ಮೇಲೆ ಫೋನಿನಲ್ಲಿ, ಮೆಸೇಜಿನಲ್ಲಿ, ಚಹಾ ಕುಡಿಯುವಾಗ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇಲ್ಲಿರುವುದು ಒಂದೇ ವಿಷಯ: ಮೊದಲ ಪಲ್ಲವಿ ಬರುವ ಹೊತ್ತು ಮತ್ತು ಅದಕ್ಕಿಂತ ಮೊದಲು ಜನ ಓಡಿಸಿಕೊಂಡು ಹೋದ ಜಾಗ, ಈ ಎರಡನ್ನು ಯೂಟ್ಯೂಬ್ ಕೊಡುವ ಗೆರೆಯಲ್ಲಿ, ಅಂದರೆ ಯಾವ ಸೆಕೆಂಡಿಗೆ ನೂರಕ್ಕೆ ಎಷ್ಟು ನೋಟ ಇತ್ತು ಎಂದು ತೋರಿಸುವ ಗ್ರಾಫಿನಲ್ಲಿ, ನೋಡಿ ಹಾಡಿನ ಶುರುವನ್ನು ಹೇಗೆ ತೀರ್ಮಾನಿಸುವುದು.

## ಶುರುವಿನ ಪ್ರಶ್ನೆಗಳು

"ಫಸ್ಟ್ ಕೋರಸ್ ಬೇಗ ತನ್ನಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಹಾಡು ಪಲ್ಲವಿಯಿಂದಲೇ ಶುರುವಾಗ್ತದಲ್ಲ, ಮತ್ತೆ ತಡ ಎಲ್ಲಿಂದ ಬಂತು?"

ಇಂಗ್ಲಿಷ್ ಪಾಪ್ ಹಾಡಿನಲ್ಲಿ ಮೊದಲು ಒಂದು ಚರಣ ಹಾಡಿ, ಆಮೇಲೆ ತಿರುಗಿ ತಿರುಗಿ ಬರುವ ಭಾಗಕ್ಕೆ ಹೋಗುವುದು ರೂಢಿ. ಅಲ್ಲಿನ ಸಲಹೆಗಳೆಲ್ಲ ಆ ಚರಣವನ್ನು ಚಿಕ್ಕದು ಮಾಡುವುದರ ಬಗ್ಗೆ. ನಮ್ಮ ಭಾವಗೀತೆ, ಸಿನಿಮಾ ಹಾಡು, ಭಜನೆಗಳಲ್ಲಿ ಬಾಯಿ ತೆರೆದ ಕೂಡಲೇ ಬರುವುದು ಪಲ್ಲವಿ. ಹಾಗಾಗಿ ನಮ್ಮಲ್ಲಿ ತಡವಾಗುವುದು ಹಾಡಿನೊಳಗೆ ಅಲ್ಲ, ಹಾಡಿಗಿಂತ ಮುಂಚೆ. ಬ್ಯಾನರಿನ ಲೋಗೋ, ಅರ್ಪಿಸುವವರ ಹೆಸರು, ಡ್ರೋನಿನಲ್ಲಿ ಹಿಡಿದ ಕಡಲು, ಕೊಳಲಿನ ಬಿಟ್, ಆಲಾಪ, ಇವೆಲ್ಲ ಮುಗಿದು ಪಲ್ಲವಿ ಬರುವಷ್ಟರಲ್ಲಿ ಒಂದು ನಿಮಿಷ ಹತ್ತಿರವಾಗಿರುತ್ತದೆ.

ಅದಕ್ಕೇ ಎಡಿಟ್ ಮುಗಿದ ಕೂಡಲೇ ಒಂದು ಚೀಟಿಯಲ್ಲಿ ನಾಲ್ಕು ಸಮಯ ಬರೆದಿಡಿ: ಮೊದಲ ವಾದ್ಯ ಕೇಳಿಸಿದ್ದು, ಮೊದಲ ದನಿ ಕೇಳಿಸಿದ್ದು, ಪಲ್ಲವಿಯ ಮೊದಲ ಸಾಲು ಶುರುವಾದದ್ದು, ಪಲ್ಲವಿ ಮುಗಿದದ್ದು. ಈ ಚೀಟಿ ಇಲ್ಲದೆ ಗ್ರಾಫ್ ತೆರೆದರೆ ಬರೀ ಗೆರೆ ಕಾಣುತ್ತದೆ, ಹಾಡು ಕಾಣುವುದಿಲ್ಲ.

"ಈ ಗ್ರಾಫ್ ಎಲ್ಲಿ ಸಿಗ್ತದೆ? ಬೇರೆಯವರ ಹಾಡಿನದ್ದೂ ನೋಡ್ಬಹುದಾ?"

ನಿಮ್ಮದೇ ಚಾನೆಲ್ ಆದರೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋದ ಅನಾಲಿಟಿಕ್ಸ್ ತೆರೆಯಿರಿ. ಆಡಿಯನ್ಸ್ ರಿಟೆನ್ಷನ್ ಎಂಬ ಗೆರೆ ಅಲ್ಲೇ ಇರುತ್ತದೆ. ಅಂಕಿ ಅಂಶ ಸಂಸ್ಕರಣೆಯಾಗಿ ಬರಲು ಒಂದೆರಡು ದಿನ ಬೇಕು. ಬೆಳಿಗ್ಗೆ ಹಾಕಿ ಸಂಜೆ ನೋಡಿದರೆ ಏನೂ ಸಿಗುವುದಿಲ್ಲ.

ಬೇರೆಯವರ ಹಾಡಿನ ಈ ಗೆರೆ ನಮಗೆ ಕಾಣುವುದಿಲ್ಲ. ಆದರೆ ಚೆನ್ನಾಗಿ ಓಡಿದ ಅನೇಕ ವಿಡಿಯೋಗಳಲ್ಲಿ ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟರೆ ಬೂದು ಬಣ್ಣದ ಗುಡ್ಡದಂಥ ಆಕೃತಿ ಏಳುತ್ತದೆ. ಹೆಚ್ಚು ಸಲ ನೋಡಿದ ಜಾಗ ಎಂದು ತೋರಿಸುವ ಈ ಸೌಲಭ್ಯ 2022ರಲ್ಲಿ ಎಲ್ಲರಿಗೂ ಬಂತು. ಅದರಲ್ಲಿ ಶೇಕಡಾ ಇರುವುದಿಲ್ಲ, ಯಾರು ಎಲ್ಲಿ ಬಿಟ್ಟರು ಎಂಬುದೂ ಇರುವುದಿಲ್ಲ. ಆದರೂ ಗುಡ್ಡ ಏಳುವುದು ಪಲ್ಲವಿಯ ಮೊದಲ ಸಾಲಿಗೋ, ಎರಡನೇ ಸಲ ಬಂದಾಗಲೋ ಎಂಬಷ್ಟು ಗೊತ್ತಾದರೆ ಸಾಕಷ್ಟು ಉಪಯೋಗವಿದೆ.

"ಸ್ಕಿಪ್ ಪಾಯಿಂಟ್ ಅಂದ್ರೆ ಜನ ಬಿಟ್ಟು ಹೋದ ಜಾಗವಾ, ಮುಂದೆ ಓಡಿಸಿದ ಜಾಗವಾ?"

ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಗೆರೆ ಕೆಳಗಿಳಿಯಿತು ಎಂದರೆ ಆ ಸೆಕೆಂಡನ್ನು ನೋಡಿದವರು ಕಡಿಮೆ ಎಂದಷ್ಟೇ ಅರ್ಥ. ಅವರು ವಿಡಿಯೋ ಮುಚ್ಚಿ ಹೋಗಿರಬಹುದು, ಅಥವಾ ಪರದೆಯ ಬಲಗಡೆ ಎರಡು ಸಲ ತಟ್ಟಿ ಹತ್ತು ಸೆಕೆಂಡು ಮುಂದಕ್ಕೆ ಹಾರಿರಬಹುದು. ಇಳಿಯುವಾಗ ಎರಡೂ ಒಂದೇ ಥರ ಕಾಣುತ್ತವೆ.

ಗುರುತು ಹಿಡಿಯುವುದು ಆಮೇಲಿನ ಏರಿನಿಂದ. ಬಿಟ್ಟು ಹೋದವರು ಗೆರೆಗೆ ವಾಪಸ್ ಬರುವುದಿಲ್ಲ, ಹಾರಿದವರು ಇಳಿದ ಜಾಗದಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತಾರೆ. ಶುರುವಿನಲ್ಲಿ ಇಳಿದ ಗೆರೆ ಪಲ್ಲವಿಯ ಹತ್ತಿರ ಮತ್ತೆ ಏರಿದರೆ, ಅಷ್ಟು ಜನಕ್ಕೆ ನಿಮ್ಮ ಹಾಡು ಬೇಕಿತ್ತು, ಅದರ ಮುಂಚಿನದ್ದು ಬೇಡವಾಗಿತ್ತು. ಗೆರೆ ಇಳಿದು ಪಲ್ಲವಿ ಬಂದರೂ ಏಳದೆ ಮಲಗಿದರೆ ಸಮಸ್ಯೆ ಬೇರೆ. ಬಹುಶಃ ಥಂಬ್‌ನೇಲ್ ನೋಡಿ ಬಂದವರು ಬೇರೆ ಏನನ್ನೋ ಹುಡುಕಿಕೊಂಡು ಬಂದವರು. ಅಲ್ಲಿ ಶುರುವನ್ನು ಎಷ್ಟು ಕತ್ತರಿಸಿದರೂ ಹೆಚ್ಚು ಪ್ರಯೋಜನವಿಲ್ಲ.

"30 ಸೆಕೆಂಡಿಗೆ 56% ಉಳಿದಿದ್ದಾರೆ ಅಂತ ತೋರಿಸ್ತದೆ. ಒಳ್ಳೇದಾ, ಕೆಟ್ಟದ್ದಾ?"

ಆ ಒಂದೇ ಅಂಕಿಯಿಂದ ಹೇಳಲಿಕ್ಕಾಗುವುದಿಲ್ಲ. ಸ್ಟುಡಿಯೋ ಅದನ್ನು ನಿಮ್ಮದೇ ಚಾನೆಲಿನ ಅಷ್ಟೇ ಉದ್ದದ ಹಿಂದಿನ ವಿಡಿಯೋಗಳ ಜೊತೆ ಹೋಲಿಸಿ ತೋರಿಸುತ್ತದೆ, ಆ ಹೋಲಿಕೆಗೆ ಬೆಲೆ ಇದೆ. ಪಕ್ಕದ ಊರಿನವರ ಅಂಕಿ ಕೇಳಿಕೊಂಡು ಬಂದು ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಜನ ಹಾಡು ಬದಲಿಸುವುದು ಹೊಸ ಸಂಗತಿಯೂ ಅಲ್ಲ. 2014ರಲ್ಲಿ ಪಾಲ್ ಲ್ಯಾಮಿಯರ್ ಎಂಬವರು ಸ್ಪಾಟಿಫೈ ಕೇಳುಗರ ಲೆಕ್ಕ ತೆಗೆದು ಬರೆದಿದ್ದರು: ಸುಮಾರು ಕಾಲು ಭಾಗದಷ್ಟು ಹಾಡುಗಳನ್ನು ಮೊದಲ 5 ಸೆಕೆಂಡಿನಲ್ಲೇ ಬಿಟ್ಟಿದ್ದಾರೆ, 30 ಸೆಕೆಂಡಿನೊಳಗೆ 35% ಹೋಗಿವೆ, ಮುಗಿಯುವುದರೊಳಗೆ ಹೆಚ್ಚುಕಡಿಮೆ ಅರ್ಧ. ಅದು ಆಡಿಯೋ ಲೆಕ್ಕ, ನಮ್ಮ ವಿಡಿಯೋಕ್ಕೆ ನೇರವಾಗಿ ಹಚ್ಚುವಂತಿಲ್ಲ. ಆದರೆ ಮೊದಲ ಕೆಲವು ಸೆಕೆಂಡಿನ ಕುಸಿತ ಎಲ್ಲರಿಗೂ ಇದ್ದದ್ದೇ ಎಂದು ಸಮಾಧಾನ ಪಡಲು ಸಾಕು.

## ಗೆರೆ ಓದುವಾಗ

"ಮಾತಲ್ಲಿ ಹೇಳಿದ್ರೆ ತಲೆಗೆ ಹೋಗೂದಿಲ್ಲ. ಒಂದು ಹಾಡು ಇಟ್ಕೊಂಡೇ ತೋರ್ಸಿ."

ಸರಿ. ಕಾರವಾರದ ಟಾಗೋರ್ ಕಡಲತೀರದಲ್ಲಿ, ದೇವಬಾಗದ ಕಡೆ ಚಿತ್ರೀಕರಿಸಿದ ಒಂದು ಪ್ರೇಮಗೀತೆ ಎಂದಿಟ್ಟುಕೊಳ್ಳಿ. ಒಟ್ಟು 4:10. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನೇ ಇಟ್ಟವು. ಆದರೆ ಗೆರೆಯ ಆಕಾರ ನನ್ನ ಮೇಜಿಗೆ ಮತ್ತೆ ಮತ್ತೆ ಬರುವಂಥದ್ದೇ.

ಮೊದಲು ಚೀಟಿ. 0:00ರಿಂದ 0:07 ಬ್ಯಾನರ್ ಲೋಗೋ. 0:24ರ ತನಕ ಡ್ರೋನಿನ ಕಡಲು, ತೆರೆಯ ಸದ್ದು, ಮೇಲೆ ಹೆಸರುಗಳು, ಸಂಗೀತ ಇಲ್ಲ. 0:44ರ ತನಕ ಕೊಳಲಿನ ಬಿಟ್. 0:54ರ ತನಕ ಗಾಯಕಿಯ ಆಲಾಪ. 0:54ಕ್ಕೆ ಪಲ್ಲವಿ ಶುರು, 1:14ಕ್ಕೆ ಮುಗಿಯಿತು.

ಈಗ ಗೆರೆ. ಲೋಗೋ ಮುಗಿದಾಗ 84%. 0:15ಕ್ಕೆ 68%. ಕೊಳಲು ಶುರುವಾಗುವ 0:24ಕ್ಕೆ 60%. ಕೊಳಲು ಮುಗಿಯುವ 0:44ಕ್ಕೆ 50%. ಆಲಾಪದ ಕೊನೆಗೆ 47%. ಅಲ್ಲಿಂದ ಪಲ್ಲವಿ ಹಿಡಿದ ಕೂಡಲೇ ಏರಿ 0:57ಕ್ಕೆ 55%. ಪಲ್ಲವಿ ಮುಗಿದಾಗ 53%.

ತಂಡದವರು ಇದನ್ನು ನೋಡಿ ಕೊಳಲು ಉದ್ದವಾಯ್ತು ಎನ್ನುತ್ತಾರೆ, ಯಾಕೆಂದರೆ ಪಲ್ಲವಿಯ ಮುಂಚೆ ಕಣ್ಣಿಗೆ ಬೀಳುವ ದೊಡ್ಡ ತುಂಡು ಅದೇ. ಒಂದೊಂದು ತುಂಡಿನಲ್ಲಿ ಸೆಕೆಂಡಿಗೆ ಎಷ್ಟು ಹೋಯಿತು ಎಂದು ನೋಡಿದರೆ ಕಥೆ ಬೇರೆಯೇ ಇದೆ. ಕೊಳಲಿನ 20 ಸೆಕೆಂಡಿನಲ್ಲಿ ಹೋದದ್ದು 10, ಅಂದರೆ ಸೆಕೆಂಡಿಗೆ ಅರ್ಧ. ಅದಕ್ಕೂ ಮುಂಚೆ, ಡ್ರೋನಿನ 17 ಸೆಕೆಂಡಿನಲ್ಲಿ ಹೋದದ್ದು 24, ಸೆಕೆಂಡಿಗೆ ಸುಮಾರು ಒಂದೂವರೆ.

ಶುರುವಿನಲ್ಲಿ ಹೇಗಿದ್ದರೂ ವೇಗವಾಗಿ ಇಳಿಯುತ್ತದಲ್ಲ, ಅದನ್ನು ಡ್ರೋನಿನ ತಲೆಗೆ ಕಟ್ಟುವುದು ಸರಿಯಾ ಎಂದು ಕೇಳಬಹುದು. ನ್ಯಾಯವಾದ ಮಾತು. ಲೋಗೋದ ಕಾಲದಲ್ಲಿ ಹೋದ 16ರಲ್ಲಿ ತಪ್ಪಿ ಒತ್ತಿದವರೂ ಇದ್ದಾರೆ. ಅದಕ್ಕೇ ಡ್ರೋನಿನ ಕೊನೆಯ ಭಾಗವನ್ನು ಮಾತ್ರ ತೆಗೆದುಕೊಳ್ಳಿ: 0:15ರಿಂದ 0:24, ಒಂಬತ್ತು ಸೆಕೆಂಡಿನಲ್ಲಿ 8. ಆಗಲೂ ಸೆಕೆಂಡಿಗೆ ಸುಮಾರು 0.9, ಕೊಳಲಿನ ಹೆಚ್ಚುಕಡಿಮೆ ಇಮ್ಮಡಿ. ಮತ್ತೆ, ಇಳಿಜಾರು ಮೆತ್ತಗಾಗುವುದು ಎಲ್ಲಿ? ಕೊಳಲು ಬಂದಲ್ಲಿ. ಸಂಗೀತ ಕಿವಿಗೆ ಬಿದ್ದ ಮೇಲೆ ಜನ ಸ್ವಲ್ಪ ತಾಳಿಕೊಂಡಿದ್ದಾರೆ. ಅಲ್ಲಿಗೆ ಕೊಳಲಿನವನು ಬಚಾವ್.

ಕೊನೆಗೆ ಆ ಏರು. 47ರಿಂದ 55, ನೂರಕ್ಕೆ ಕಡೇಪಕ್ಷ ಎಂಟು ನೋಟಗಳು ಪಲ್ಲವಿಗೆ ಹಾರಿ ಬಂದಿವೆ. ಅವನ್ನು ಕಳೆದುಕೊಂಡ ಲೆಕ್ಕಕ್ಕೆ ಹಾಕುವಂತಿಲ್ಲ. ಹಾಗೆಂದು ಬರೀ ಎಂಟೇ ಎಂದೂ ಅಲ್ಲ. ಹಾರಿದವರು ಸರಿಯಾಗಿ 0:54ಕ್ಕೆ ಇಳಿಯುವುದಿಲ್ಲ, ಕೆಲವರು ಆಲಾಪದ ನಡುವೆಯೇ ಬೀಳುತ್ತಾರೆ. ಆಲಾಪದಲ್ಲಿ ಗೆರೆ ಬರೀ 3 ಇಳಿದದ್ದಕ್ಕೆ ಅದೂ ಒಂದು ಕಾರಣ ಇರಬಹುದು: ಹೋದವರ ಜಾಗಕ್ಕೆ ಹಾರಿ ಬಂದವರು ಸೇರಿದ್ದಾರೆ. ಹಾಗಾಗಿ ಆಲಾಪಕ್ಕೆ ಪೂರ್ತಿ ಸರ್ಟಿಫಿಕೇಟ್ ಕೊಡಲಿಕ್ಕೂ ಆಗುವುದಿಲ್ಲ.

"ಡಿಪ್ ಬಿದ್ದ ಸೆಕೆಂಡು ನೋಡಿದ್ರೆ ಅಲ್ಲಿ ಏನೂ ತಪ್ಪಿಲ್ಲ ಮಾರಾಯ್ರೆ. ಚಂದದ ಶಾಟ್ ಇದೆ!"

ತಪ್ಪು ಇರುವುದು ಅದಕ್ಕಿಂತ ಸ್ವಲ್ಪ ಮುಂಚೆ. ಮನುಷ್ಯ ಕೇಳಿ, ಇನ್ನೂ ಬರಲಿಲ್ಲವಲ್ಲ ಎಂದುಕೊಂಡು, ಬೆರಳು ಎತ್ತಿ ತಟ್ಟುವುದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಸ್ಟ್ರೀಮಿಂಗ್ ಹಾಡುಗಳ ಸ್ಕಿಪ್ ಬಗ್ಗೆ 2020ರಲ್ಲಿ ಪ್ರಕಟವಾದ ಮೊಂಟೆಕ್ಕಿಯೊ, ರಾಯ್, ಪಾಷೆ ಅವರ ಅಧ್ಯಯನದಲ್ಲೂ ಇದೇ ಕಂಡಿತ್ತು: ಸ್ಕಿಪ್‌ಗಳು ಹಾಡಿನ ಭಾಗ ಬದಲಾಗುವ ಜಾಗಕ್ಕೆ ಅಂಟಿಕೊಂಡಿರುತ್ತವೆ, ಬದಲಾದ ತುಸು ಹೊತ್ತಿನ ನಂತರ ಬೀಳುತ್ತವೆ.

ಆದ್ದರಿಂದ ಡಿಪ್‌ನಿಂದ ಹಿಂದಕ್ಕೆ ನಡೆಯಿರಿ. ಅದರ ಹಿಂದೆ ಹತ್ತಿರದಲ್ಲಿ ಯಾವುದು ಬದಲಾಯಿತು? ಸಂಗೀತ ನಿಂತಿತೇ, ಇನ್ನೊಂದು ವಾದ್ಯ ಮೊದಲಿನಿಂದ ಶುರು ಮಾಡಿತೇ, ಈಗ ಹಾಡುತ್ತಾಳೆ ಎಂದು ಅನ್ನಿಸಿ ಹಾಡದೇ ಹೋದಳೇ? ಈ ಕೊನೆಯದು ಬಹಳ ಸಲ ಆಗುತ್ತದೆ. ತಬಲಾದ ತಿಹಾಯಿ ಬಿದ್ದ ಮೇಲೆ ಎಲ್ಲರೂ ದನಿಗೆ ಕಾಯುತ್ತಾರೆ. ಅಲ್ಲಿ ದನಿ ಬರದೆ ಗಿಟಾರಿನ ಇನ್ನೊಂದು ಸುತ್ತು ಬಂದರೆ ಮೂರು ನಾಲ್ಕು ಸೆಕೆಂಡಿಗೆ ಗೆರೆ ಮುರಿಯುತ್ತದೆ. ಪೂರ್ತಿ ಬಿಟ್ ಉದ್ದವಾಗಿದ್ದಕ್ಕಿಂತ ಈ ಸುಳ್ಳು ಮುಕ್ತಾಯ ಹೆಚ್ಚು ಹೊಡೆತ ಕೊಡುತ್ತದೆ ಎಂಬುದು ನನ್ನ ಅನಿಸಿಕೆ.

"ಪಲ್ಲವಿ ಹತ್ರ ಗೆರೆ ಏರಿದೆ. ಜನ ಮತ್ತೆ ಮತ್ತೆ ಕೇಳ್ತಾ ಇದ್ದಾರೆ ಅಂತ ಖುಷಿ ಪಡ್ಬಹುದಲ್ವಾ?"

ಇರಬಹುದು. ಮರಳಿ ಕೇಳುವವರೂ ಗೆರೆಯನ್ನು ಏರಿಸುತ್ತಾರೆ. ಯಾವುದು ಎಂದು ತಿಳಿಯಲು ಆ ಏರಿನ ಎರಡು ಬದಿ ನೋಡಿ. ಏರಿದ ಮೇಲೆ ಗೆರೆ ಅದೇ ಎತ್ತರದಲ್ಲಿ ಮುಂದುವರಿದರೆ ಅವರು ಹಾರಿ ಬಂದು ಉಳಿದವರು. ಸಾಲು ಮುಗಿದ ಕೂಡಲೇ ಮೊದಲಿನ ಮಟ್ಟಕ್ಕೆ ಇಳಿದರೆ, ಅದು ಗುಡ್ಡ: ಆ ಸಾಲಿಗಾಗಿ ಹಿಂದೆ ಎಳೆದುಕೊಂಡು ಕೇಳಿದ್ದಾರೆ. ಮೇಲಿನ ಉದಾಹರಣೆಯಲ್ಲಿ ಪಲ್ಲವಿ ಮುಗಿದಾಗಲೂ 53 ಇತ್ತು, ಮೆಟ್ಟಿಲು ಹತ್ತಿದ ಆಕಾರ. ಖುಷಿ ಪಡಬೇಡಿ ಎನ್ನುವುದಿಲ್ಲ, ಆದರೆ ಅದು ಮುಂಚಿನ 54 ಸೆಕೆಂಡಿನ ಮೇಲೆ ಬಂದ ದೂರು.

"ಹಾಡಿಗೆ ದುಡ್ಡು ಹಾಕಿ ಪ್ರಮೋಟ್ ಮಾಡಿದ್ವಿ. ವ್ಯೂಸ್ ಬಂತು, ಗೆರೆ ಮಾತ್ರ ಪಾತಾಳಕ್ಕೆ ಹೋಯ್ತು."

ಜಾಹೀರಾತಾಗಿ ಬಂದ ಹಾಡನ್ನು ಯಾರೂ ಹುಡುಕಿಕೊಂಡು ಬಂದವರಲ್ಲ. 5 ಸೆಕೆಂಡಿಗೆ ಸ್ಕಿಪ್ ಬಟನ್ ಬರುತ್ತದೆ, ಒತ್ತುತ್ತಾರೆ. ಆ ಗೆರೆಯಿಂದ ಕೊಳಲಿನ ಬಿಟ್ ಬಗ್ಗೆ ತೀರ್ಮಾನ ಮಾಡಿದರೆ ಅನ್ಯಾಯ. ರಿಟೆನ್ಷನ್ ಗೆರೆಯನ್ನು ದುಡ್ಡಿನ ನೋಟ ಬೇರೆ, ತಾನಾಗಿ ಬಂದ ನೋಟ ಬೇರೆ ಎಂದು ವಿಂಗಡಿಸಿ ನೋಡುವ ಅವಕಾಶ ಸ್ಟುಡಿಯೋದಲ್ಲೇ ಇದೆ. ತಾನಾಗಿ ಬಂದವರದ್ದನ್ನು ಮಾತ್ರ ಓದಿ.

ಹಾಗೆಯೇ ಹೊಸಬರು ಮತ್ತು ಮರಳಿ ಬಂದವರು ಎಂಬ ವಿಂಗಡಣೆಯೂ ಇದೆ. ನಮ್ಮ ಕಡೆಯ ಹಾಡುಗಳಿಗೆ ಇದು ಹೆಚ್ಚು ಮುಖ್ಯ. ಊರು ಬಿಟ್ಟು ಬೆಂಗಳೂರು, ಮುಂಬೈ, ಗೋವೆಯಲ್ಲಿರುವ ನಮ್ಮವರು ಕಡಲು ಕಂಡರೇ ಸಾಕು ಎಂದು ನೋಡುತ್ತಾರೆ, ತಂಡದ ಹುಡುಗನ ಅತ್ತೆ ಮಾವ ಹೆಸರು ಬರುವ ತನಕ ಕಾಯುತ್ತಾರೆ. ನಿಮ್ಮನ್ನು ಗೊತ್ತಿಲ್ಲದವನ ಗೆರೆ ಎಲ್ಲಿ ಮುರಿಯಿತು ಎಂಬುದೇ ಶುರುವಿನ ನಿಜವಾದ ಪರೀಕ್ಷೆ.

"ಎಷ್ಟು ವ್ಯೂಸ್ ಆದ್ಮೇಲೆ ಈ ಗೆರೆ ನಂಬಬಹುದು?"

ನೂರು ನೋಟ ಇದ್ದಾಗ ಒಬ್ಬರು ಎಂದರೆ ಒಂದು ಶೇಕಡಾ. ಮೇಲೆ ಹೇಳಿದ ಎಂಟರ ಏರು ಎಂಟೇ ಜನ, ಅದೂ ಒಂದೇ ಮನೆಯವರಿರಬಹುದು. ಸಾವಿರ ದಾಟಿದ ಮೇಲೆ ಎಂಟರ ಏರು ಕಂಡರೆ ಅದು ಆಕಸ್ಮಿಕವಲ್ಲ ಎಂದು ಇಟ್ಟುಕೊಳ್ಳಬಹುದು. ಎರಡು ಮೂರರ ಏರಿಳಿತವನ್ನು ಆಗಲೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಮೊದಲ ದಿನಗಳ ನೋಟವೆಲ್ಲ ವಾಟ್ಸಾಪ್ ಗುಂಪಿನವರದ್ದು ಎಂಬುದನ್ನೂ ನೆನಪಿಡಿ.

## ಕತ್ತರಿ ಹಾಕುವ ಮೊದಲು

"ಹಾಗಾದ್ರೆ ಶುರುವಿನ ಮ್ಯೂಸಿಕ್ ಪೂರ್ತಿ ತೆಗೆದುಬಿಡೂದಾ?"

ಬೇಡ. ಅಮೆರಿಕದ ಟಾಪ್ 10 ಹಾಡುಗಳ ಇಂಟ್ರೋ 1986ರಿಂದ 2015ರೊಳಗೆ ಸರಾಸರಿ 20 ಸೆಕೆಂಡಿಗಿಂತ ಹೆಚ್ಚು ಇದ್ದದ್ದು 5ರ ಹತ್ತಿರಕ್ಕೆ ಇಳಿಯಿತು ಎಂದು ಲೆವೆಯೆ ಗೋವಾಂ ಎಂಬ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಆ ಅಂಕಿ ಹಿಡಿದುಕೊಂಡು ನಮ್ಮಲ್ಲೂ 5 ಸೆಕೆಂಡು ಎಂದು ಹೇಳುವವರಿದ್ದಾರೆ. ಅದು ಅಲ್ಲಿನ ಹಾಡು, ಅಲ್ಲಿನ ರಚನೆ. ನಮ್ಮ ಹಾಡಿನಲ್ಲಿ ಶುರುವಿನ ಬಿಟ್ ರಾಗವನ್ನು ಕೂರಿಸುತ್ತದೆ, ಲಯ ಹೇಳುತ್ತದೆ, ವೇದಿಕೆಯ ಮೇಲೆ ಹಾಡುವವರಿಗೆ ಶ್ರುತಿಯನ್ನೂ ಕೊಡುತ್ತದೆ.

ಯಕ್ಷಗಾನಕ್ಕೆ ಮುಂಚೆ ಚೆಂಡೆಯ ಕೇಳಿ ಬಡಿಯುವುದು ದೂರದ ಕೇರಿಯವರಿಗೆ ಇವತ್ತು ಆಟ ಇದೆ ಎಂದು ತಿಳಿಸಲಿಕ್ಕೆ. ವಿಡಿಯೋ ಒತ್ತಿದವನು ಆಗಲೇ ಟೆಂಟಿನ ಒಳಗೆ ಬಂದು ಕೂತಿದ್ದಾನೆ. ಅವನಿಗೆ ಬೇಕಾದಷ್ಟು ಬಿಟ್ ಇಡಿ, ಕರೆಯುವುದಕ್ಕೆ ಬೇಕಾದಷ್ಟಲ್ಲ.

ಕತ್ತರಿಸುವಾಗ ಸೆಕೆಂಡಿನಲ್ಲಿ ಅಲ್ಲ, ಆವರ್ತದಲ್ಲಿ ಕತ್ತರಿಸಿ. ನಮ್ಮ ಉದಾಹರಣೆಯ ಹಾಡು ನಿಮಿಷಕ್ಕೆ 96 ಮಾತ್ರೆಯ ಲಯದಲ್ಲಿದೆ ಎನ್ನೋಣ. ಎಂಟು ಮಾತ್ರೆಯ ಒಂದು ಆವರ್ತಕ್ಕೆ ಸರಿಯಾಗಿ 5 ಸೆಕೆಂಡು. ಕೊಳಲಿನ 20 ಸೆಕೆಂಡು ನಾಲ್ಕು ಆವರ್ತ. ಅದರಲ್ಲಿ ಮೊದಲೆರಡು ಮತ್ತು ಕೊನೆಯೆರಡು ಒಂದೇ ಧಾಟಿಯ ಪುನರಾವರ್ತನೆ ಆಗಿರುವುದು ಹೆಚ್ಚು. ಮೊದಲೆರಡನ್ನು ತೆಗೆದು ಕೊನೆಯೆರಡನ್ನು ಇಟ್ಟರೆ ಪಲ್ಲವಿಗೆ ಇಳಿಯುವ ಎತ್ತುಗಡೆ ಹಾಗೇ ಉಳಿಯುತ್ತದೆ. ಸಮದಿಂದ ಸಮಕ್ಕೆ ಕತ್ತರಿಸಿದ್ದು ಕಿವಿಗೆ ಗೊತ್ತಾಗುವುದಿಲ್ಲ. ತಬಲಾದ ಬಾಲ ಕತ್ತರಿಸಿಕೊಂಡು ಟಪ್ಪೆಂದರೆ ಅರ್ಧ ಸೆಕೆಂಡಿನ ಕ್ರಾಸ್‌ಫೇಡ್ ಕೊಡುವ ಬದಲು, ಮಿಕ್ಸ್ ಮಾಡಿದವರಿಂದಲೇ ಬೇರೆ ಬೇರೆ ಟ್ರ್ಯಾಕ್ ತರಿಸಿ ಅಲ್ಲಿ ಕತ್ತರಿಸಿ.

ಇಡೀ ಶುರುವನ್ನು ನಾನಾದರೆ ಹೀಗೆ ಕೂರಿಸುತ್ತೇನೆ: ತೆರೆಯ ಸದ್ದು 3 ಸೆಕೆಂಡು, ಅದರ ಬಾಲದ ಮೇಲೇ ಕೊಳಲು ಎರಡು ಆವರ್ತ, ಆಲಾಪ ಇದ್ದಷ್ಟೇ 10 ಸೆಕೆಂಡು. ಪಲ್ಲವಿ 0:23ಕ್ಕೆ ಬಂತು. ಲೋಗೋ ಕೊನೆಗೆ ಹೋಯಿತು. ಹೆಸರುಗಳು ಕೊಳಲಿನ ಮೇಲೆ, ಸಣ್ಣದಾಗಿ, ಮೂಲೆಯಲ್ಲಿ. ದುಡ್ಡು ಹಾಕಿದವರ ಹೆಸರನ್ನು ಸಣ್ಣದು ಮಾಡುವ ಮಾತು ಅವರ ಹತ್ತಿರ ನೀವೇ ಆಡಬೇಕು, ಎಡಿಟರಿನ ಕೈಲಾಗುವ ಕೆಲಸ ಅಲ್ಲ ಅದು.

"ಪಲ್ಲವಿಯ ಒಂದು ಸಾಲನ್ನೇ ಮೊದಲು ಹಾಡಿಸಿ, ಆಮೇಲೆ ಮ್ಯೂಸಿಕ್ ಕೊಟ್ರೆ?"

ತಾಳವಿಲ್ಲದೆ ಒಂದು ಸಾಲು ಎತ್ತಿ ಆಮೇಲೆ ಬಿಟ್‌ಗೆ ಹೋಗುವುದು ಹಳೆಯ ಕ್ರಮವೇ, ಕೆಲಸವೂ ಮಾಡುತ್ತದೆ. ಮೊದಲ ಸೆಕೆಂಡಿಗೇ ದನಿ ಸಿಕ್ಕಿತು, ಯಾವ ಹಾಡು ಎಂದೂ ಗೊತ್ತಾಯಿತು. ಆದರೆ ಅದರ ಹಿಂದೆ ಹಳೇ 20 ಸೆಕೆಂಡಿನ ಬಿಟ್ ಹಾಗೇ ಇಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಗೆರೆ ಮೊದಲ 8 ಸೆಕೆಂಡು ಚೆನ್ನಾಗಿ ನಿಂತು, ಬಿಟ್ ಶುರುವಾದ ತುಸುವಿನಲ್ಲೇ ಜಾರುತ್ತದೆ. ಸಿಹಿ ಕೊಟ್ಟು ಕಸಿದುಕೊಂಡಿರಿ ಎಂಬ ಭಾವ ಅದು. ಸಾಲನ್ನು ಮೊದಲು ತಂದರೆ ಬಿಟ್ ಒಂದು ಅಥವಾ ಎರಡೇ ಆವರ್ತ ಇರಲಿ. ಆ ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಅದರ ಕೆಳಗೇ ವಾದ್ಯ ಹೊಕ್ಕರೆ ಮುರಿದಂತೆ ಕೇಳಿಸುವುದಿಲ್ಲ.

"ಕಾರವಾರದ ಹಾಡಿಗೆ ಕಡಲು ತೋರಿಸದೆ ಶುರು ಮಾಡೂದು ಹ್ಯಾಂಗೆ?"

ತೋರಿಸಬೇಡಿ ಎಂದು ಹೇಳುತ್ತಿಲ್ಲ, ಮೌನದ ಮೇಲೆ ತೋರಿಸಬೇಡಿ ಎನ್ನುತ್ತಿದ್ದೇನೆ. ಅದೇ ಡ್ರೋನ್ ಶಾಟ್ ಕೊಳಲಿನ ಮೇಲೆ ಬಂದರೆ ಚಿತ್ರಕ್ಕೂ ಜೀವ ಬರುತ್ತದೆ. ಉಳಿದ ಶಾಟ್‌ಗಳನ್ನು ಪಲ್ಲವಿ ಆದ ಮೇಲಿನ ನಡುವಿನ ಮ್ಯೂಸಿಕ್ಕಿಗೆ ಇಡಿ, ಅಲ್ಲಿ ಹೇಗೂ ನೋಡಲಿಕ್ಕೆ ಏನಾದರೂ ಬೇಕಾಗುತ್ತದೆ.

ಇನ್ನೊಂದು ತಾಂತ್ರಿಕ ಕಾರಣವೂ ಇದೆ. ಅಲೆಯ ನೀರು ಪ್ರತಿ ಫ್ರೇಮಿಗೂ ಬದಲಾಗುವುದರಿಂದ ವಿಡಿಯೋ ಸಂಕೋಚನಕ್ಕೆ ಬಹಳ ಕಷ್ಟದ ದೃಶ್ಯ. ಘಟ್ಟದ ಮೇಲೆ ಯಲ್ಲಾಪುರ, ಸಿದ್ದಾಪುರದ ಹಳ್ಳಿಗಳಲ್ಲಿ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಒತ್ತಿದಾಗ ಮೊದಲ ಸೆಕೆಂಡುಗಳು ಕೆಳದರ್ಜೆಯ ಗುಣಮಟ್ಟದಲ್ಲಿ ಬರುತ್ತವೆ. ನೀವು ಸ್ಟುಡಿಯೋದ ಪರದೆಯಲ್ಲಿ ಕಂಡ ನೀಲಿ ಕಡಲು ಅಲ್ಲಿ ಚೌಕ ಚೌಕದ ಬೂದು ಕಲಸುಮೇಲೋಗರ. ಹಾಡುವವಳ ಮುಖದ ಹತ್ತಿರದ ಶಾಟ್ ಅದೇ ಸಿಗ್ನಲ್ಲಿನಲ್ಲೂ ಮುಖವಾಗಿಯೇ ಕಾಣುತ್ತದೆ.

"ನಮ್ಮದು ಗುಮಟೆ ಹಾಡು. ಗುಮಟೆ ಪೆಟ್ಟಿನಿಂದಲೇ ಶುರು ಮಾಡಿದ್ವಿ, ತಡ ಏನೂ ಇಲ್ಲ. ಆದ್ರೂ ಮೊದಲ ಹತ್ತು ಸೆಕೆಂಡಿಗೇ ಇಳಿದಿದೆ."

ಹೆಡ್‌ಫೋನ್ ತೆಗೆದಿಟ್ಟು ಫೋನಿನ ಸ್ಪೀಕರಿನಲ್ಲೇ, ಫ್ಯಾನ್ ತಿರುಗುವ ಕೋಣೆಯಲ್ಲಿ ಕೇಳಿ. ಫೋನಿನ ಸಣ್ಣ ಸ್ಪೀಕರ್ ತಗ್ಗಿನ ಸ್ವರವನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ. ಗುಮಟೆಯ ಮಡಕೆಯ ಆ ಗುಂಯ್ ಎನ್ನುವ ತುಂಬು ನಾದ ನಿಮಗೆ ಕೇಳಿದರೂ ನೋಡುಗನಿಗೆ ಬರೀ ಚರ್ಮದ ಸಣ್ಣ ಟಕಟಕ ಕೇಳಿರುತ್ತದೆ. ಬರೀ ತಂಬೂರಿ ಅಥವಾ ಕೀಬೋರ್ಡಿನ ತಗ್ಗಿನ ಎಳೆಯಿಂದ ಶುರುವಾಗುವ ಹಾಡುಗಳಿಗೂ ಇದೇ ಗತಿ, ಅವು ಫೋನಿನಲ್ಲಿ ಮೌನದಿಂದ ಶುರುವಾಗುತ್ತವೆ.

ಗುಮಟೆ ತೆಗೆಯುವುದಲ್ಲ ಪರಿಹಾರ. ಹಾಲಕ್ಕಿಯವರು ಬಾರಿಸುವಾಗ ಜೊತೆಗೆ ಜಾಗಟೆ, ತಾಳದಂಥ ಲೋಹದ ಸದ್ದೂ, ಮೇಳದ ದನಿಯೂ ಇರುತ್ತದಲ್ಲ, ಅದನ್ನು ಮೊದಲ ಪೆಟ್ಟಿನಿಂದಲೇ ಒಳಗೆ ತನ್ನಿ. ಬಾರಿಸುವ ಕೈಯ ಹತ್ತಿರದ ಶಾಟ್ ಇಡಿ. ನಾದ ಪೂರ್ತಿ ತಲುಪದಿದ್ದರೂ ಲಯ ಕಣ್ಣಿಗೆ ತಲುಪುತ್ತದೆ.

"ಯಕ್ಷಗಾನದ ಪದಕ್ಕೂ ಇದೇ ಲೆಕ್ಕವಾ?"

ಅಲ್ಲ. ಅಲ್ಲಿ ಪಲ್ಲವಿಗೆ ಕಾಯುವವರಿಲ್ಲ. ಇಂಥ ಭಾಗವತರು ಈ ರಾಗವನ್ನು ಹೇಗೆ ಎತ್ತುತ್ತಾರೆ ಎಂದೇ ಕೇಳಲು ಬಂದವರಿಗೆ ಆಲಾಪವೇ ಊಟ. ಅಲ್ಲಿ ಗೆರೆ ಬೀಳುವುದು ಪದಕ್ಕೆ ಮುಂಚಿನ ಮೈಕ್ ಸರಿ ಮಾಡುವ ಗಲಾಟೆಗೆ, ನಿರೂಪಕರ ಭಾಷಣಕ್ಕೆ. ಅದನ್ನು ತೆಗೆದು ಭಾಗವತರ ಉಸಿರಿನಿಂದ ಶುರು ಮಾಡಿ, ಸಾಕು.

"ಶುರು ಬದಲಿಸಿ ಇನ್ನೊಂದು ಹಾಡು ಹಾಕಿದ್ವಿ. 30 ಸೆಕೆಂಡಿನ ಅಂಕಿ 56ರಿಂದ 66 ಆಯ್ತು. ಗೆದ್ದ ಹಾಗೆಯೇ?"

ಅಷ್ಟು ಬೇಗ ಬೇಡ. ಮೊದಲ ಹಾಡಿನಲ್ಲಿ 30ನೇ ಸೆಕೆಂಡು ಕೊಳಲಿನ ನಡುವೆ ಇತ್ತು, ಈಗ ಪಲ್ಲವಿಯ ನಡುವೆ ಇದೆ. ಎರಡು ಬೇರೆ ಜಾಗಗಳನ್ನು ಹೋಲಿಸುತ್ತಿದ್ದೀರಿ. ಪಲ್ಲವಿಯ ಜಾಗಕ್ಕೆ ಪಲ್ಲವಿಯ ಜಾಗ ಎಂದು ಹೋಲಿಸಿದರೂ ಮೋಸವಿದೆ: ಬೇಗ ಬಂದ ಪಲ್ಲವಿಗೆ ಹೆಚ್ಚು ಜನ ಇರುವುದು ಸಹಜ, ಯಾಕೆಂದರೆ ಹೊರಟು ಹೋಗಲು ಅವರಿಗೆ ಇನ್ನೂ ಹೊತ್ತೇ ಸಿಕ್ಕಿಲ್ಲ.

ನಾನು ಎರಡು ಗುರುತು ನೋಡುತ್ತೇನೆ. ಒಂದು, ಪಲ್ಲವಿಯ ಹತ್ತಿರದ ಮೆಟ್ಟಿಲು ಸಣ್ಣದಾಯಿತೇ ಎಂದು. ಹಾರುವ ಅಗತ್ಯ ಬೀಳದಿದ್ದರೆ ಏರೂ ಇರುವುದಿಲ್ಲ. ಎರಡು, ಮೊದಲ ಚರಣ ಮುಗಿಯುವಲ್ಲಿ ಎಷ್ಟು ಜನ ಇದ್ದಾರೆ ಎಂದು. ಶುರುವನ್ನು ಕತ್ತರಿಸಿ ಉಳಿಸಿಕೊಂಡವರು ಅಲ್ಲಿಯ ತನಕವೂ ಇದ್ದರೆ ಲಾಭ ನಿಜ. ಪಲ್ಲವಿ ಕೇಳಿ ಅಲ್ಲಿಂದಲೇ ಹೊರಟಿದ್ದರೆ, ಅವರ ನಿರ್ಗಮನವನ್ನು ನೀವು ಮುಂದೂಡಿದ್ದಷ್ಟೇ. ಮತ್ತೆ ಹಾಡೂ ಬೇರೆ, ನೋಡಿದವರೂ ಬೇರೆ ಎಂಬುದು ಇದ್ದೇ ಇದೆ. ಒಂದು ಜೋಡಿಯಿಂದ ತೀರ್ಮಾನಿಸಬೇಡಿ.

"ಹಾಕಿಬಿಟ್ಟ ವಿಡಿಯೋದ ಶುರು ಕತ್ತರಿಸ್ಬಹುದಾ, ಅಲ್ಲಾ ಡಿಲೀಟ್ ಮಾಡಿ ಮತ್ತೆ ಹಾಕ್ಬೇಕಾ?"

ಡಿಲೀಟ್ ಮಾಡಬೇಡಿ, ಬಂದ ನೋಟ ಕಮೆಂಟೆಲ್ಲ ಹೋಗುತ್ತದೆ. ಸ್ಟುಡಿಯೋದ ಎಡಿಟರಿನಲ್ಲಿ ಶುರುವಿನ ತುಂಡನ್ನು ಟ್ರಿಮ್ ಮಾಡಬಹುದು, ಲಿಂಕ್ ಅದೇ ಇರುತ್ತದೆ. ಲೋಗೋ ಮತ್ತು ಮೌನದ ಡ್ರೋನ್ ತೆಗೆಯಲಿಕ್ಕೆ ಇದು ಸಾಕು. ಕೊಳಲಿನ ಆವರ್ತ ತೆಗೆಯುವಂಥ ನಾಜೂಕು ಕೆಲಸ ಅಲ್ಲಿ ಮಾಡಲು ಹೋಗಬೇಡಿ, ಸಮ ತಪ್ಪುತ್ತದೆ. ಟ್ರಿಮ್ ಮಾಡಿದ ತಾರೀಖು ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲಿನ ಅವಧಿಯ ಗೆರೆಯನ್ನು ಮಾತ್ರ ಓದಿ, ಚೀಟಿಯ ಸಮಯಗಳನ್ನೂ ಹೊಸದಾಗಿ ಗುರುತು ಹಾಕಿ.

ಟ್ರಿಮ್ಮಿಗೆ ತಂಡ ಒಪ್ಪದಿದ್ದರೆ ವಿವರಣೆಯಲ್ಲಿ ಸಮಯ ಬರೆದು ಅಧ್ಯಾಯ ಮಾಡಿಕೊಡಿ. ಮೊದಲನೆಯದು 0:00 ಇರಬೇಕು, ಕಡೇಪಕ್ಷ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು.

```
0:00 ಕಡಲು
0:24 ಕೊಳಲು
0:54 ಪಲ್ಲವಿ
```

ಹೀಗೆ ಮಾಡಿದ ಮೇಲೆ ಪಲ್ಲವಿಗೆ ಹಾರುವವರು ಹೆಚ್ಚುತ್ತಾರೆ, ದಾರಿ ತೋರಿಸಿದ್ದು ನೀವೇ. ಆಮೇಲಿನ ಗೆರೆಯಲ್ಲಿ ಮೆಟ್ಟಿಲು ದೊಡ್ಡದಾಗಿ ಕಂಡರೆ ಅದನ್ನು ಹಳೆಯದರ ಜೊತೆ ಹೋಲಿಸಬೇಡಿ.

"ಸ್ಪಾಟಿಫೈಗೂ ಇದೇ ಕಟ್ ಕೊಡೂದಾ?"

ಅಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಪಲ್ಲವಿ ಅದಕ್ಕಿಂತ ಸಾಕಷ್ಟು ಮುಂಚೆ ಕಿವಿಗೆ ಬಿದ್ದಿರಲಿ. ತೆರೆಯ ಸದ್ದನ್ನು ಅಲ್ಲಿ ತೆಗೆದೇಬಿಡಿ. ಚಿತ್ರವಿಲ್ಲದೆ ಅದು ಕಡಲಿನಂತೆ ಕೇಳಿಸುವುದಿಲ್ಲ, ಕೆಟ್ಟ ರೇಡಿಯೋದಂತೆ ಕೇಳಿಸುತ್ತದೆ.

"ಗೆರೆಯ ಮೇಲೆ ಬೆರಳಿಟ್ಟರೆ 0:54 ನಿಖರವಾಗಿ ಸಿಗೂದಿಲ್ಲ. ಇನ್ನೂ ಸೂಕ್ಷ್ಮವಾಗಿ ನೋಡೂದಕ್ಕೆ ಉಂಟಾ?"

ಕಂಪ್ಯೂಟರ್ ಗೊತ್ತಿರುವ ಹುಡುಗರು ತಂಡದಲ್ಲಿದ್ದರೆ ಯೂಟ್ಯೂಬ್ ಅನಾಲಿಟಿಕ್ಸ್ ಎಪಿಐಯಿಂದ ಅಂಕಿಗಳನ್ನೇ ತೆಗೆಯಬಹುದು. `elapsedVideoTimeRatio` ಎಂಬುದು ಜಾಗ, `audienceWatchRatio` ಎಂಬುದು ಆ ಜಾಗದ ನೋಟ. ಎಕ್ಸೆಲ್‌ನಲ್ಲಿ ಹಾಕಿಕೊಂಡು ಚೀಟಿಯ ಸಮಯಗಳನ್ನು ಪಕ್ಕದ ಕಾಲಂನಲ್ಲಿ ಬರೆದರೆ ಸೆಕೆಂಡಿನ ಲೆಕ್ಕ ಹತ್ತು ನಿಮಿಷದ ಕೆಲಸ. ಆದರೆ ಅಲ್ಲೂ ಇಡೀ ವಿಡಿಯೋವನ್ನು ನೂರು ತುಂಡು ಮಾಡಿಯೇ ಕೊಡುತ್ತದೆ. 4:10ರ ಹಾಡಿಗೆ ಒಂದು ತುಂಡು ಎರಡೂವರೆ ಸೆಕೆಂಡು. ಹತ್ತು ನಿಮಿಷದ ಯಕ್ಷಗಾನ ಪದಕ್ಕೆ ಆರು ಸೆಕೆಂಡು. ಅದಕ್ಕಿಂತ ಸೂಕ್ಷ್ಮವಾಗಿ, ಇದೇ ತಬಲಾದ ಪೆಟ್ಟಿಗೆ ಜನ ಹೋದರು ಎಂದು ಯಾರಾದರೂ ಗೆರೆ ತೋರಿಸಿ ವಾದಿಸಿದರೆ ನಂಬಬೇಡಿ.